ಬೀಗದ ಕೈ ತಿಜೋರಿಯೊಳಗೇ ಉಳಿದರೆ
ಎರಡು ಹಂತದ ಪರಿಶೀಲನೆಯ ಬ್ಯಾಕಪ್ ಕೋಡುಗಳು: ಕಾಪಾಡುವ ಬಗೆ, ಕಳೆದಾಗ ಉಳಿಯುವ ದಾರಿಗಳು

ಹಿಂದಿನ ಮನೆಗಳಲ್ಲಿ ತಿಜೋರಿಗೆ ಎರಡು ಬೀಗದ ಕೈಗಳಿರುತ್ತಿದ್ದವು. ಒಂದು ಯಜಮಾನರ ಉಡಿದಾರದಲ್ಲಿ ತೂಗುತ್ತಿತ್ತು. ಇನ್ನೊಂದು ಯಾರ ಕಣ್ಣಿಗೂ ಸುಲಭವಾಗಿ ಬೀಳದ ಸ್ಥಳದಲ್ಲಿ, ಆದರೆ ತಿಜೋರಿಯ ಹೊರಗೆ ಇರುತ್ತಿತ್ತು. ಆ ಎರಡನೆಯ ಕೈಯನ್ನು ತಿಜೋರಿಯೊಳಗೇ ಇಟ್ಟು ಬೀಗ ಹಾಕುವ ಅವಿವೇಕವನ್ನು ಯಾರೂ ಮಾಡುತ್ತಿರಲಿಲ್ಲ. ಆದರೆ ಇಂದು ಅಕ್ಷರಸ್ಥರಾದ, ವ್ಯವಹಾರ ಬಲ್ಲ ಅನೇಕ ಕುಟುಂಬಗಳು ತಮ್ಮ ಗೂಗಲ್ ಖಾತೆಯ ವಿಷಯದಲ್ಲಿ ಇದನ್ನೇ ಮಾಡುತ್ತಿವೆ. ಮಗಳ ಮದುವೆಯ ಚಿತ್ರಗಳು, ತೀರಿಹೋದ ಹಿರಿಯರ ಧ್ವನಿಮುದ್ರಣ, ಹೊಲಮನೆಯ ಕಾಗದಪತ್ರಗಳ ಪ್ರತಿಗಳು, ಅಂಗಡಿಯ ಪತ್ರವ್ಯವಹಾರ ಎಲ್ಲವೂ ಒಂದು ಖಾತೆಯಲ್ಲಿರುತ್ತವೆ. ಅದರ ತುರ್ತಿನ ಕೈ ಕೂಡ ಅದೇ ಖಾತೆಯೊಳಗೆ ಅಥವಾ ಅದನ್ನು ತೆರೆಯುವ ಒಂದೇ ಮೊಬೈಲಿನಲ್ಲಿ ಇರುತ್ತದೆ. ಮೊಬೈಲು ಕಳೆದ ದಿನ ಎರಡೂ ಒಟ್ಟಿಗೆ ಹೋಗುತ್ತವೆ.

ಆ ತುರ್ತಿನ ಕೈಗೆ ಬ್ಯಾಕಪ್ ಕೋಡ್ ಎಂದು ಹೆಸರು. ಅದು ಯಾವುದು, ಅದನ್ನು ಎಲ್ಲಿ ಇಡಬೇಕು, ಅದೂ ಕಳೆದರೆ ಮುಂದೆ ಯಾವ ದಾರಿಗಳು ಉಳಿಯುತ್ತವೆ ಎಂಬುದನ್ನು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗೂಗಲ್ ಖಾತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಎರಡನೆಯ ಹಂತ ಏಕೆ ಬಂತು

ಮೊದಲು ಖಾತೆಗೆ ಪಾಸ್‌ವರ್ಡ್ ಒಂದೇ ಕಾವಲಾಗಿತ್ತು. ಅದನ್ನು ಕದ್ದವನು ಜಗತ್ತಿನ ಯಾವ ಮೂಲೆಯಿಂದಲಾದರೂ ಒಳಗೆ ಬರಬಹುದಾಗಿತ್ತು. ಈ ಕೊರತೆಯನ್ನು ತುಂಬಲು ಗೂಗಲ್ ಸಂಸ್ಥೆಯು 2011ರಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಎರಡು ಹಂತದ ಪರಿಶೀಲನೆಯನ್ನು ಒದಗಿಸಿತು. ಮೊದಲನೆಯ ಹಂತ ನಮಗೆ ತಿಳಿದಿರುವ ವಸ್ತು, ಅಂದರೆ ಪಾಸ್‌ವರ್ಡ್. ಎರಡನೆಯ ಹಂತ ನಮ್ಮ ಕೈಯಲ್ಲಿರುವ ವಸ್ತು. ಬಹುತೇಕರ ಪಾಲಿಗೆ ಅದು ಮೊಬೈಲು. ಪಾಸ್‌ವರ್ಡ್ ಕೊಟ್ಟ ಬಳಿಕ ಮೊಬೈಲಿಗೆ ಆರಂಕಿಯ ಸಂಖ್ಯೆ ಸಂದೇಶವಾಗಿ ಬರುತ್ತದೆ, ಅಥವಾ ‘ಇದು ನೀವೇ ಏನು’ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡುತ್ತದೆ. ಅದಕ್ಕೆ ಉತ್ತರಿಸಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ.

2021ರಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬಳಕೆದಾರರು ಕೇಳಲೆಂದು ಕಾಯದೆ, ಆ ವರ್ಷದ ಕೊನೆಯೊಳಗೆ 15 ಕೋಟಿ ಖಾತೆಗಳಿಗೆ ತಾನಾಗಿಯೇ ಈ ವ್ಯವಸ್ಥೆಯನ್ನು ಅಳವಡಿಸುವುದಾಗಿ ಸಾರಿ, ಹಾಗೆಯೇ ಮಾಡಿತು. ಇದರಿಂದ ಕಳ್ಳತನ ಕಡಿಮೆಯಾಯಿತೆಂಬುದು ನಿಜ. ಆದರೆ ಒಂದು ತೊಡಕೂ ಹುಟ್ಟಿಕೊಂಡಿತು. ಎರಡನೆಯ ಬೀಗ ತಾನಾಗಿ ಬಂದಿತು; ಅದರ ತುರ್ತಿನ ಕೈ ತಾನಾಗಿ ಬರಲಿಲ್ಲ. ಬ್ಯಾಕಪ್ ಕೋಡುಗಳನ್ನು ಖಾತೆಯ ಒಡೆಯರು ತಾವೇ ಕೇಳಿ ಪಡೆಯಬೇಕು. ಆದ್ದರಿಂದ ಎರಡನೆಯ ಹಂತ ಜಾರಿಯಲ್ಲಿದ್ದರೂ ಒಂದೂ ಕೋಡು ಕೈಯಲ್ಲಿಲ್ಲದ ಮನೆಗಳು ಇರುವುದು ಆಶ್ಚರ್ಯವಲ್ಲ.

ಹತ್ತು ಕೋಡುಗಳ ಸ್ವಭಾವ

ಗೂಗಲ್ ಒಮ್ಮೆಗೆ ಹತ್ತು ಬ್ಯಾಕಪ್ ಕೋಡುಗಳನ್ನು ಕೊಡುತ್ತದೆ. ಒಂದೊಂದರಲ್ಲಿಯೂ ಎಂಟು ಅಂಕಿಗಳಿರುತ್ತವೆ. ಮೊಬೈಲು ಕೈಯಲ್ಲಿಲ್ಲದಾಗ ಪಾಸ್‌ವರ್ಡ್ ಕೊಟ್ಟು, ಬಳಿಕ ಕಾಣುವ Try another way ಎಂಬುದನ್ನು ಒತ್ತಿದರೆ ಉಳಿದ ಮಾರ್ಗಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಎಂಟಂಕಿಯ ಕೋಡಿನ ಮಾರ್ಗವನ್ನು ಆರಿಸಿ ಹತ್ತರಲ್ಲಿ ಯಾವುದಾದರೊಂದನ್ನು ಬರೆದರೆ ಸಾಕು. ಇದಕ್ಕೆ ಸಿಮ್ ಬೇಕಿಲ್ಲ, ಮೊಬೈಲ್ ಸಂಪರ್ಕ ಬೇಕಿಲ್ಲ, ಹಳೆಯ ಮೊಬೈಲೂ ಬೇಕಿಲ್ಲ.

ಇವುಗಳ ಮೂರು ಲಕ್ಷಣಗಳನ್ನು ಚೆನ್ನಾಗಿ ತಿಳಿದಿರಬೇಕು. ಮೊದಲನೆಯದು, ಒಂದು ಕೋಡು ಒಂದೇ ಸಲ ನಡೆಯುತ್ತದೆ. ಬಳಸಿದ ಕೋಡು ಹರಿದ ಬಸ್ ಚೀಟಿಯಂತೆ. ಮತ್ತೆ ಕೊಟ್ಟರೆ ನಡೆಯದು. ಎರಡನೆಯದು, ಹೊಸದಾಗಿ ಹತ್ತು ಕೋಡುಗಳನ್ನು ಪಡೆದ ಕೂಡಲೇ ಹಳೆಯ ಹತ್ತೂ ರದ್ದಾಗುತ್ತವೆ, ಅವುಗಳಲ್ಲಿ ಒಂದನ್ನೂ ಬಳಸಿರದಿದ್ದರೂ ಸರಿಯೇ. ಮೂರನೆಯದು, ಕೋಡು ಪಾಸ್‌ವರ್ಡಿನ ಬದಲಿಗೆ ನಿಲ್ಲುವುದಿಲ್ಲ. ಅದರ ಜೊತೆಗೆ ನಿಲ್ಲುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದ ಅನ್ಯರಿಗೆ ಬರಿಯ ಕೋಡಿನ ಹಾಳೆ ಸಿಕ್ಕರೆ ಅವರು ಅದರಿಂದ ಖಾತೆಗೆ ಇಳಿಯಲಾರರು. ಕೋಡುಗಳನ್ನು ಕಾಗದದ ಮೇಲೆ ಬರೆದಿಡಬಹುದೆಂಬ ಧೈರ್ಯ ಬರುವುದು ಈ ಮೂರನೆಯ ಗುಣದಿಂದಲೇ. ಅದೇ ಹಾಳೆಯ ಮೇಲೆ ಪಾಸ್‌ವರ್ಡನ್ನೂ ಬರೆದರೆ ಮಾತ್ರ ಆ ಧೈರ್ಯಕ್ಕೆ ಆಧಾರವಿಲ್ಲ.

ಒಂದು ಬಳಗದ ಪ್ರಸಂಗ

ವಿಜಯಪುರ ಜಿಲ್ಲೆಯ ಒಂದು ಊರಿನ ಅಕ್ಕನ ಬಳಗದಲ್ಲಿ ನಡೆದ ಸಂಗತಿಯನ್ನು ಹೆಸರು ಬಿಟ್ಟು ಇಲ್ಲಿ ಹೇಳಬಹುದು. ಬಳಗದ ಕಾರ್ಯದರ್ಶಿಗಳು ನಿವೃತ್ತ ಶಿಕ್ಷಕಿ. ಬಳಗದ ಗೂಗಲ್ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಅವರೊಬ್ಬರೇ. ಸದಸ್ಯೆಯರ ಪಟ್ಟಿ, ಶ್ರಾವಣ ಮಾಸದ ಪ್ರವಚನಗಳ ಧ್ವನಿಮುದ್ರಣ, ದಾಸೋಹದ ಜಮಾಖರ್ಚು, ಈಗ ಇಲ್ಲದ ಮೂವರು ಹಿರಿಯ ಶರಣೆಯರು ವಚನ ಹಾಡಿದ ಚಿತ್ರೀಕರಣ ಎಲ್ಲವೂ ಅದರಲ್ಲಿದ್ದವು. ಬೇರೆಲ್ಲಿಯೂ ಅವುಗಳ ಪ್ರತಿ ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಅವರ ಮೊಬೈಲು ಕಳೆಯಿತು.

ಮನೆಗೆ ಬಂದವರಿಗೆ ಮೊದಲು ನೆನಪಾದದ್ದು ಬ್ಯಾಕಪ್ ಕೋಡುಗಳು. 2023ರಲ್ಲಿ ಅವನ್ನು ಪಡೆದು ಜೋಪಾನವಾಗಿ ಇಟ್ಟಿದ್ದರು. ಎಲ್ಲಿ? ಅದೇ ಖಾತೆಯ ಡ್ರೈವಿನಲ್ಲಿ, ‘ಮಹತ್ವದ ಕಾಗದಗಳು’ ಎಂಬ ಕಡತದೊಳಗೆ. ಖಾತೆ ತೆರೆಯಲು ಕೋಡು ಬೇಕು. ಕೋಡು ಓದಲು ಖಾತೆ ತೆರೆಯಬೇಕು. ಅವರು ಅಜಾಗರೂಕರಾಗಿರಲಿಲ್ಲ. ಇಡುವುದನ್ನು ಇಟ್ಟಿದ್ದರು, ಇಡುವ ಸ್ಥಳ ಮಾತ್ರ ತಪ್ಪಿತ್ತು.

ಸುದ್ದಿ ತಿಳಿದ ಮೊಮ್ಮಗನು ಬೆಂಗಳೂರಿನಲ್ಲಿದ್ದುಕೊಂಡೇ ತನ್ನ ಲ್ಯಾಪ್‌ಟಾಪಿನಿಂದ ಖಾತೆಗೆ ಪ್ರವೇಶಿಸಲು ಪ್ರಯತ್ನಿಸಿದ. ಉದ್ದೇಶ ಒಳ್ಳೆಯದಾಗಿತ್ತು, ಕ್ರಮ ಸರಿಯಾಗಿರಲಿಲ್ಲ. ಗೂಗಲ್ ವ್ಯವಸ್ಥೆಯ ದೃಷ್ಟಿಯಲ್ಲಿ ಅದು ಎಂದೂ ಕಾಣದ ಯಂತ್ರ, ಎಂದೂ ಬಳಸದ ಊರು. ಖಾತೆಯನ್ನು ಕದಿಯಲು ಬಂದವನು ಹೇಗೆ ಕಾಣುತ್ತಾನೋ ಮೊಮ್ಮಗನೂ ಹಾಗೆಯೇ ಕಂಡ. ಮತ್ತೆ ಮತ್ತೆ ಪ್ರಯತ್ನಿಸಿದ ಮೇಲೆ, ಪ್ರಯತ್ನಗಳು ಮಿತಿ ಮೀರಿವೆ, ಸ್ವಲ್ಪ ಕಾಲ ಬಿಟ್ಟು ಬನ್ನಿ ಎಂಬ ಉತ್ತರ ಬಂದಿತು. ಇಂಥ ಸಂದರ್ಭದಲ್ಲಿ ದೂರದ ಬಂಧುಗಳು ಫೋನಿನಲ್ಲಿ ದಾರಿ ಹೇಳಬಹುದು. ಕೈ ಹಾಕುವವರು ಮಾತ್ರ ಖಾತೆಯ ಒಡೆಯರೇ ಆಗಿರಬೇಕು, ಅದೂ ತಾವು ನಿತ್ಯ ಬಳಸುವ ಸ್ಥಳದಿಂದ.

ಮರುದಿನ ಅವರು ಮೊಬೈಲ್ ಕಂಪನಿಯ ಅಂಗಡಿಗೆ ಹೋದರು. ಅದೇ ಸಂಖ್ಯೆಯ ಬದಲಿ ಸಿಮ್ ಸಿಕ್ಕರೆ ಸಂದೇಶ ಬರುತ್ತದೆ, ಬಾಗಿಲು ತೆರೆಯುತ್ತದೆ ಎಂಬ ಎಣಿಕೆ ಸರಿಯಾದುದೇ. ಆದರೆ ಅಂಗಡಿಯ ಹುಡುಗ ಗಣಕಯಂತ್ರ ನೋಡಿ ಹೇಳಿದ: “ಅಕ್ಕಾರ, ಈ ನಂಬರ್ ಯಜಮಾನರ ಹೆಸರಿನ್ಯಾಗ ಐತ್ರಿ. ಅವರೇ ಬರಬೇಕ್ರಿ.” ಯಜಮಾನರು ಲಿಂಗೈಕ್ಯರಾಗಿ ಆರು ವರ್ಷವಾಗಿತ್ತು. ಸಿಮ್ ಇವರ ಕೈಯಲ್ಲಿ ಓಡಾಡುತ್ತಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ. ಮರಣ ಪ್ರಮಾಣಪತ್ರ, ಗುರುತಿನ ಪತ್ರ ಕೊಟ್ಟು ಹೆಸರು ವರ್ಗಾಯಿಸಿಕೊಂಡ ಮೇಲೆಯೇ ಬದಲಿ ಸಿಮ್. ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರ ಸಿಮ್ ಪತಿಯ ಅಥವಾ ಮಗನ ಹೆಸರಿನಲ್ಲಿ ಇರುತ್ತದೆಂಬುದನ್ನು ನೆನೆದರೆ ಈ ಒಂದು ಸಂಗತಿಯೇ ಓದುಗರನ್ನು ಎಚ್ಚರಿಸಬೇಕು.

ಸಿಮ್ ಸಿಕ್ಕವರಿಗೂ ಒಂದು ಸೂಚನೆ ಅಗತ್ಯ. ಸಿಮ್ ಬದಲಾಯಿಸಿ ವಂಚಿಸುವವರನ್ನು ತಡೆಯಲು, ಬದಲಿ ಸಿಮ್ ಚಾಲನೆಗೆ ಬಂದ ಮೊದಲ 24 ಗಂಟೆ ಅದಕ್ಕೆ ಕಿರುಸಂದೇಶ ಬರದಂತೆ, ಅದರಿಂದ ಹೋಗದಂತೆ ನಮ್ಮ ದೇಶದಲ್ಲಿ ನಿರ್ಬಂಧವಿದೆ. ಸಂದೇಶ ಬರಲಿಲ್ಲವೆಂದು ಗಾಬರಿಯಿಂದ ಹತ್ತಾರು ಸಲ ಪ್ರಯತ್ನಿಸದೆ ಒಂದು ದಿನ ಸುಮ್ಮನಿರುವುದೇ ಸರಿಯಾದ ಕ್ರಮ.

ಮೂರನೆಯ ದಿನ ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಕೇಳಿದಳು: “ಅವ್ವಾ, ಬಳಗದ ಕೋಣೆಯೊಳಗ ಒಂದು ಹಳೇ ಕಂಪ್ಯೂಟರ್ ಐತಲ್ಲ, ಅದರಾಗ ಈ ಖಾತೆ ತೆರೀತಿದ್ದೇನು?” ಹೌದು, ತಿಂಗಳಿಗೊಮ್ಮೆ ಜಮಾಖರ್ಚು ಬರೆಯಲು ತೆರೆಯುತ್ತಿದ್ದರು. ಮಗಳು ಎರಡು ಮಾತು ಹೇಳಿದಳು. ಆ ಕಂಪ್ಯೂಟರಿನಲ್ಲಿ ಯಾವ ಕಾರಣಕ್ಕೂ ಖಾತೆಯಿಂದ ಹೊರಬರಬಾರದು, ಅಂದರೆ Sign out ಒತ್ತಬಾರದು. ಬ್ರೌಸರಿನ ಇತಿಹಾಸವನ್ನೂ ಕುಕಿಗಳನ್ನೂ ಅಳಿಸಬಾರದು. ಖಾತೆ ತೆರೆದೇ ಇರುವ ಯಂತ್ರ ಸಿಕ್ಕರೆ ಅದು ಒಳಗಿನಿಂದ ಚಿಲಕ ತೆಗೆಯಬಲ್ಲ ಮನುಷ್ಯ ಸಿಕ್ಕಂತೆ.

ಅವರು ಮೊದಲು ಆ ಕಂಪ್ಯೂಟರಿನಲ್ಲಿ ಹಳೆಯ ಕೋಡುಗಳನ್ನು ಹುಡುಕಿದರು. ಬ್ಯಾಕಪ್ ಕೋಡುಗಳನ್ನು ಇಳಿಸಿಕೊಂಡಾಗ ಗೂಗಲ್ ಆ ಕಡತಕ್ಕೆ ನಿಶ್ಚಿತವಾದ ಹೆಸರೊಂದನ್ನು ಕೊಡುತ್ತದೆ. ಇ-ಮೇಲ್ ವಿಳಾಸದಲ್ಲಿ @ ಚಿಹ್ನೆಗೆ ಮುಂಚಿನ ಭಾಗವು ಇಲ್ಲಿ username ಇರುವ ಕಡೆ ಬರುತ್ತದೆ.

```
Backup-codes-username.txt
```

ಈ ಹೆಸರಿನ ಮೊದಲ ಭಾಗವನ್ನು ಹುಡುಕಿದಾಗ 2019ರಲ್ಲಿ ಇಳಿಸಿಕೊಂಡಿದ್ದ ಕಡತ ಸಿಕ್ಕಿತು. ಹತ್ತು ಕೋಡುಗಳೂ ಇದ್ದವು. ಒಂದನ್ನು ಪ್ರಯತ್ನಿಸಿದರು; ನಡೆಯಲಿಲ್ಲ. ಇನ್ನೊಂದೂ ನಡೆಯಲಿಲ್ಲ. ಕಾರಣವನ್ನು ಓದುಗರು ಆಗಲೇ ಊಹಿಸಿರಬಹುದು. 2023ರಲ್ಲಿ ಹೊಸ ಕೋಡುಗಳನ್ನು ಪಡೆದ ಗಳಿಗೆಯಲ್ಲಿಯೇ 2019ರ ಕೋಡುಗಳು ಸತ್ತಿದ್ದವು. ಹಳೆಯ ಹಾಳೆಯ ಮೇಲೆ ದಿನಾಂಕ ಬರೆಯಬೇಕು, ಹೊಸದು ಬಂದೊಡನೆ ಹಳೆಯದನ್ನು ಹರಿದುಹಾಕಬೇಕು ಎನ್ನುವುದು ಇದಕ್ಕಾಗಿಯೇ.

ಆದರೆ ಆ ಕಂಪ್ಯೂಟರಿನ ಬ್ರೌಸರಿನಲ್ಲಿ ಖಾತೆ ಇನ್ನೂ ತೆರೆದೇ ಇತ್ತು. myaccount.google.com ಎಂಬ ವಿಳಾಸಕ್ಕೆ ಹೋಗಿ, Security ವಿಭಾಗದಲ್ಲಿ 2-Step Verification ಎಂಬುದನ್ನು ಒತ್ತಿದಾಗ ಮತ್ತೊಮ್ಮೆ ಪಾಸ್‌ವರ್ಡ್ ಕೇಳಿತು. ಇಂಥ ವೇಳೆ ಕೆಲವೊಮ್ಮೆ ಎರಡನೆಯ ಹಂತವನ್ನೂ ಕೇಳುವುದುಂಟು. ಇವರು ಹಿಂದೊಮ್ಮೆ ಆ ಕಂಪ್ಯೂಟರಿನಲ್ಲಿ Don't ask again on this device ಎಂಬ ಚೌಕದಲ್ಲಿ ಗುರುತು ಹಾಕಿದ್ದರಾದ್ದರಿಂದ ಪಾಸ್‌ವರ್ಡಿಗೇ ಒಪ್ಪಿಕೊಂಡಿತು. ಪಾಸ್‌ವರ್ಡ್ ಮನೆಯ ದಿನಚರಿ ಪುಸ್ತಕದಲ್ಲಿತ್ತು. ಒಳಗೆ Backup codes ಎಂಬಲ್ಲಿ ಹೊಸ ಹತ್ತು ಕೋಡುಗಳನ್ನು ಪಡೆದು ಅಲ್ಲಿಯೇ ಕಾಗದದ ಮೇಲೆ ಬರೆದುಕೊಂಡರು. ಬಳಿಕ ಮಗಳ ಸಂಖ್ಯೆಯನ್ನು ಎರಡನೆಯ ಹಂತಕ್ಕೆ ಇನ್ನೊಂದು ಮೊಬೈಲಾಗಿ ಸೇರಿಸಿದರು. ಕಳೆದ ಮೊಬೈಲನ್ನು Your devices ಎಂಬ ಪಟ್ಟಿಯಲ್ಲಿ ಹುಡುಕಿ, ಅದರಿಂದ ಖಾತೆಯನ್ನು ಹೊರಹಾಕಿದರು. ಪಾಸ್‌ವರ್ಡನ್ನೂ ಬದಲಾಯಿಸಿದರು. ಈ ಕ್ರಮದಲ್ಲಿ ಕೋಡು ಪಡೆಯುವುದು ಮೊದಲು, ಉಳಿದುದೆಲ್ಲ ಆಮೇಲೆ. ನಡುವೆ ಏನಾದರೂ ಎಡವಟ್ಟಾಗಿ ಖಾತೆ ಮುಚ್ಚಿಕೊಂಡರೂ ಮರಳಿ ತೆರೆಯುವ ಕೈ ಆಗ ಕಾಗದದ ಮೇಲೆ ಇರುತ್ತದೆ.

ತೆರೆದ ಯಂತ್ರವೂ ಇಲ್ಲದಿದ್ದರೆ

ಎಲ್ಲರಿಗೂ ಇಂಥ ಕಂಪ್ಯೂಟರ್ ಇರುವುದಿಲ್ಲ. ಆಗ ಪ್ರವೇಶದ ಪುಟದಲ್ಲಿ Try another way ಒತ್ತಿ, ಯಾವ ಮಾರ್ಗಗಳನ್ನು ತೋರಿಸುತ್ತದೆ ಎಂದು ಸಾವಧಾನವಾಗಿ ನೋಡಬೇಕು. ಎಂದೋ ಸೇರಿಸಿ ಮರೆತ ಎರಡನೆಯ ಮೊಬೈಲ್ ಸಂಖ್ಯೆ ಇರಬಹುದು. ಮನೆಯಲ್ಲಿ ಮಕ್ಕಳು ಆಡುವ ಹಳೆಯ ಮೊಬೈಲಿನಲ್ಲಿ ಅಥವಾ ಟ್ಯಾಬ್ಲೆಟ್ಟಿನಲ್ಲಿ ಅದೇ ಖಾತೆ ಇದ್ದು, ‘ಇದು ನೀವೇ ಏನು’ ಎಂಬ ಪ್ರಶ್ನೆ ಅದರ ಮೇಲೆ ಮೂಡಬಹುದು. ಸಿಮ್ ಇಲ್ಲದಿದ್ದರೂ ವೈಫೈ ಇದ್ದರೆ ಸಾಕು. ಬೆರಳಚ್ಚಿನಿಂದ ತೆರೆಯುವ ಪಾಸ್‌ಕೀಯನ್ನು ಬೇರೆ ಯಂತ್ರದಲ್ಲಿ ಮಾಡಿಟ್ಟಿದ್ದರೆ ಅದೂ ನಡೆಯುತ್ತದೆ.

ಅಥೆಂಟಿಕೇಟರ್ ಎಂಬ ತಂತ್ರಾಂಶವನ್ನು ಬಳಸುವವರು ಒಂದು ಸೂಕ್ಷ್ಮವನ್ನು ಅರಿತಿರಬೇಕು. ಅದರೊಳಗಿನ ಕೋಡುಗಳನ್ನು ಗೂಗಲ್ ಖಾತೆಯಲ್ಲಿ ಉಳಿಸಿಡುವ ಸೌಲಭ್ಯ 2023ರಲ್ಲಿ ಬಂದಿತು. ಬೇರೆ ಸಂಸ್ಥೆಗಳ ಖಾತೆಗಳಿಗೆ ಅದು ನಿಜವಾದ ನೆರವು. ಆದರೆ ಗೂಗಲ್ ಖಾತೆಯೇ ಮುಚ್ಚಿಕೊಂಡಾಗ, ಅದರ ಕೋಡು ಅದರೊಳಗೇ ಉಳಿದಿರುತ್ತದೆ. ಇದು ಮತ್ತೆ ತಿಜೋರಿಯೊಳಗಿನ ಕೈ.

ಯಾವ ಮಾರ್ಗವೂ ಕಾಣದಾಗ ಉಳಿಯುವುದು ಖಾತೆ ಮರಳಿ ಪಡೆಯುವ ಅರ್ಜಿ. ಅದರ ವಿಳಾಸ g.co/recover. ಇಲ್ಲಿ ಮನುಷ್ಯರೊಡನೆ ಮಾತಿಲ್ಲ. ಯಂತ್ರವೇ ಪ್ರಶ್ನೆ ಕೇಳಿ, ಉತ್ತರಗಳನ್ನೂ ಸುತ್ತಲಿನ ಕುರುಹುಗಳನ್ನೂ ತೂಗಿ ನೋಡುತ್ತದೆ. ಆದ್ದರಿಂದ ಹಿಂದೆ ಬಳಸಿದ ಯಂತ್ರ, ಹಿಂದೆ ಬಳಸಿದ ಬ್ರೌಸರ್, ಹಿಂದೆ ಬಳಸಿದ ಮನೆಯ ಅಥವಾ ಕಚೇರಿಯ ಅಂತರ್ಜಾಲ ಇವುಗಳಿಂದಲೇ ಅರ್ಜಿ ಹಾಕಬೇಕು. ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗಬಾರದು; ಖಚಿತವಿಲ್ಲದಿದ್ದರೂ ಸಾಧ್ಯವಾದಷ್ಟು ಸಮೀಪದ ಉತ್ತರ ಕೊಡಬೇಕು. ಇತ್ತೀಚಿನ ಪಾಸ್‌ವರ್ಡ್ ಮರೆತಿದ್ದರೆ ಅದಕ್ಕೂ ಹಿಂದಿನದನ್ನು ಬರೆಯಬೇಕು. ಪರ್ಯಾಯ ಇ-ಮೇಲ್ ವಿಳಾಸವನ್ನು ಮೊದಲೇ ಕೊಟ್ಟಿದ್ದರೆ ಅದಕ್ಕೆ ಬರುವ ಪತ್ರಗಳನ್ನು, ಬೇಡದ ಪತ್ರಗಳು ಸೇರುವ ಕಡತವನ್ನೂ ಒಳಗೊಂಡು, ನೋಡುತ್ತಿರಬೇಕು.

ಗೂಗಲ್ ಕೆಲವೊಮ್ಮೆ ಈ ಅರ್ಜಿಯನ್ನು ಬೇಕೆಂದೇ ತಡೆದಿಡುತ್ತದೆ. ಆ ತಡೆ ಕೆಲವು ಗಂಟೆಗಳದ್ದಾಗಬಹುದು, ಹಲವು ದಿನಗಳದ್ದೂ ಆಗಬಹುದು. ಅರ್ಜಿ ಹಾಕಿದವನು ಕಳ್ಳನಾಗಿದ್ದರೆ, ನಿಜವಾದ ಒಡೆಯರಿಗೆ ಎಚ್ಚರಿಕೆ ತಲುಪಿ ಅವರು ತಡೆಯಲು ಅವಕಾಶ ಸಿಗಲಿ ಎಂಬುದು ಇದರ ಉದ್ದೇಶ. ತಡೆಯಿದೆಯೆಂದರೆ ಅರ್ಜಿ ತಿರಸ್ಕೃತವಾಯಿತೆಂದಲ್ಲ. ಕೊನೆಗೆ, ನೀವೇ ಒಡೆಯರೆಂದು ನಂಬಲು ಸಾಕಷ್ಟು ಆಧಾರವಿಲ್ಲ ಎಂಬ ಉತ್ತರ ಬಂದರೆ, ಹೆಚ್ಚಿನ ಕುರುಹುಳ್ಳ ಬೇರೆ ಯಂತ್ರದಿಂದ ಇನ್ನೊಮ್ಮೆ ಪ್ರಯತ್ನಿಸಬಹುದು. ಅದೂ ಫಲಿಸದಿದ್ದರೆ ಖಾತೆ ಹೋಯಿತೆಂದೇ ತಿಳಿಯಬೇಕಾಗುತ್ತದೆ. ಆಧಾರ್ ಚೀಟಿಯ ಪ್ರತಿ ಕಳುಹಿಸಿ, ಯಾರನ್ನೋ ಕಂಡು ಬಿಡಿಸಿಕೊಳ್ಳುವ ಕಚೇರಿ ಸಾಮಾನ್ಯ ಬಳಕೆದಾರರಿಗೆ ಇಲ್ಲ. ಈ ಮಿತಿಯನ್ನು ಮೊದಲೇ ಅರಿತವರು ಹಾಳೆಯ ಬೆಲೆಯನ್ನೂ ಅರಿಯುತ್ತಾರೆ.

ಇಂಥ ಕಚೇರಿ ಇಲ್ಲವಾದ್ದರಿಂದಲೇ ವಂಚಕರಿಗೆ ಅವಕಾಶ. ಅಂತರ್ಜಾಲದಲ್ಲಿ ಹುಡುಕಿದರೆ ‘ಗೂಗಲ್ ಗ್ರಾಹಕ ಸೇವೆ’ ಎಂಬ ಹೆಸರಿನ ಫೋನ್ ಸಂಖ್ಯೆಗಳು ಸಿಗಬಹುದು. ಖಾತೆ ಬಿಡಿಸಿಕೊಡುವ ಯಾವ ಹೊರಗಿನ ಸೇವೆಯೊಡನೆಯೂ ತನಗೆ ಸಂಬಂಧವಿಲ್ಲವೆಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಶುಲ್ಕ ಕೇಳುವವರಿಗೆ, ಮೊಬೈಲಿನ ಪರದೆ ಹಂಚಿಕೊಳ್ಳಲು ಹೇಳುವವರಿಗೆ, ಬಂದ ಸಂಖ್ಯೆಯನ್ನು ಓದಿ ಹೇಳಿ ಎನ್ನುವವರಿಗೆ ಏನನ್ನೂ ಕೊಡಬಾರದು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು.

ಎಲ್ಲಿ ಇಡಬೇಕು, ಹೇಗೆ ಇಡಬೇಕು

ಈಗ ಮೂಲ ವಿಷಯಕ್ಕೆ ಬರೋಣ. ಕೋಡು ಇಡುವ ಸ್ಥಳವನ್ನು ಆರಿಸಲು ಒಂದೇ ಪ್ರಶ್ನೆ ಸಾಕು: ಮೊಬೈಲು ಕಳೆದು, ಖಾತೆಯೂ ಮುಚ್ಚಿದ ದಿನ ನಾನು ಇದನ್ನು ಓದಬಲ್ಲೆನೇ? ಡ್ರೈವ್, ತನಗೆ ತಾನೇ ಕಳುಹಿಸಿಕೊಂಡ ಇ-ಮೇಲ್, ಮೊಬೈಲಿನ ಚಿತ್ರಸಂಗ್ರಹದಲ್ಲಿರುವ ಫೋಟೋ ಇವೆಲ್ಲ ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಸಲ್ಲದು. ಅಲ್ಲಿ ಅದು ಎಷ್ಟು ಮೊಬೈಲುಗಳಲ್ಲಿ ಪ್ರತಿಯಾಗಿ ಉಳಿಯುತ್ತದೆಂಬ ಲೆಕ್ಕ ಯಾರಿಗೂ ಸಿಗದು.

ಕಾಗದವೇ ಉತ್ತಮ. ಮುದ್ರಿಸಿಕೊಳ್ಳಬಹುದು, ಕೈಯಿಂದಲೂ ಬರೆದುಕೊಳ್ಳಬಹುದು. ಕೆಲವು ಮುದ್ರಣ ಯಂತ್ರಗಳ ಶಾಯಿ ಮಳೆಗಾಲದ ತೇವಕ್ಕೆ ಕದಡುತ್ತದೆ. ಬಿಲ್ಲು ಕೊಡುವ ಯಂತ್ರದ ನುಣುಪು ಕಾಗದದ ಅಕ್ಷರಗಳು ಬಿಸಿಲಿಗೂ ಸೆಕೆಗೂ ಅಳಿಸಿಹೋಗುತ್ತವೆ. ಸಾಧಾರಣ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಅಥವಾ ಬಾಲ್ ಪೆನ್ನಿನಿಂದ ಸ್ಪಷ್ಟವಾಗಿ ಬರೆದದ್ದು ಬಹುಕಾಲ ಬಾಳುತ್ತದೆ. ಬರೆದ ಮೇಲೆ ಇನ್ನೊಬ್ಬರು ಅಂಕಿಗಳನ್ನು ಓದಿ, ಪರದೆಯೊಡನೆ ತಾಳೆ ನೋಡಬೇಕು. ಒಂದು ಮತ್ತು ಏಳು, ಸೊನ್ನೆ ಮತ್ತು ಆರು ಅವಸರದ ಬರವಣಿಗೆಯಲ್ಲಿ ಕಲಸಿಕೊಳ್ಳುತ್ತವೆ. ಹಾಳೆಯ ಮೇಲ್ಭಾಗದಲ್ಲಿ ಕೋಡು ಪಡೆದ ದಿನಾಂಕವನ್ನೂ ಅದು ಯಾವ ಖಾತೆಯದೆಂಬ ಸೂಚನೆಯನ್ನೂ ಬರೆಯಬೇಕು. ಪಾಸ್‌ವರ್ಡ್ ಮಾತ್ರ ಬೇರೆ ಸ್ಥಳದಲ್ಲಿರಬೇಕು.

ಹಾಳೆಗಳು ಎರಡಿರಲಿ, ಒಂದೇ ಸೂರಿನಡಿ ಬೇಡ. ಒಂದು ಮನೆಯ ಕಪಾಟಿನಲ್ಲಿ, ಪಹಣಿ, ವಿಮೆಯ ಪತ್ರಗಳಿರುವ ಚೀಲದಲ್ಲಿರಲಿ. ಇನ್ನೊಂದು ನಂಬಿಕೆಯ ಮಗಳ ಅಥವಾ ತಮ್ಮನ ಮನೆಯಲ್ಲಿ, ಮುಚ್ಚಿ ಅಂಟಿಸಿದ ಲಕೋಟೆಯಲ್ಲಿರಲಿ. ಬ್ಯಾಂಕಿನ ಲಾಕರ್ ಇರುವವರು ಅದರಲ್ಲಿಯೂ ಇಡಬಹುದು. ಭಾನುವಾರ ಅದು ತೆರೆಯದೆಂಬುದನ್ನು ಮಾತ್ರ ನೆನಪಿಡಬೇಕು. ಒಂದು ಕೋಡು ಬಳಸಿದಾಗ ಎರಡೂ ಹಾಳೆಗಳಲ್ಲಿ ಅದನ್ನು ಹೊಡೆದುಹಾಕಬೇಕು. ಮೂರು ಮಾತ್ರ ಉಳಿದಾಗ ಹೊಸ ಹತ್ತನ್ನು ಪಡೆದು ಎರಡು ಹಾಳೆಗಳನ್ನೂ ಬದಲಿಸಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ, ಆ ಮರೆತ ಹಾಳೆ ಬಳಗದ 2019ರ ಕಡತದಂತೆ ಬರಿಯ ಭರವಸೆಯಾಗುತ್ತದೆ.

ಹಾಳೆ ಸಿದ್ಧವಾದ ದಿನವೇ ಒಂದು ಕೋಡನ್ನು ಖರ್ಚುಮಾಡಿ ಪರೀಕ್ಷಿಸುವುದು ಜಾಣತನ. ಮೊಬೈಲು ಇನ್ನೂ ಕೈಯಲ್ಲಿರುವಾಗ, ಕಂಪ್ಯೂಟರಿನ ಬ್ರೌಸರಿನಲ್ಲಿ Incognito ಕಿಟಕಿ ತೆರೆದು, ಪಾಸ್‌ವರ್ಡ್ ಕೊಟ್ಟು, Try another way ಮೂಲಕ ಹಾಳೆಯಲ್ಲಿರುವ ಮೊದಲ ಕೋಡನ್ನು ಬರೆಯಬೇಕು. ಬಾಗಿಲು ತೆರೆದರೆ ಆ ಕೋಡನ್ನು ಹೊಡೆದುಹಾಕಬೇಕು. ಉಳಿದ ಒಂಬತ್ತರ ಮೇಲೆ ನಂಬಿಕೆ ಇಡಬಹುದು. ತೆರೆಯದಿದ್ದರೆ ತಪ್ಪು ಇಂದೇ ತಿಳಿಯಿತು; ತಿದ್ದಿಕೊಳ್ಳಲು ಮೊಬೈಲು ಕೈಯಲ್ಲಿಯೇ ಇದೆ.

ಸಿಮ್ ಮತ್ತು ಸಂಬಂಧಿಕರು

ಹಾಳೆಯ ಜೊತೆಗೆ ಇನ್ನೆರಡು ಕೆಲಸಗಳಿವೆ. ಖಾತೆಗೆ ಜೋಡಿಸಿದ ಸಿಮ್ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ, ಬಳಸುವವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದು ಜೀವಂತವಾಗಿರುವಂತೆಯೂ ನೋಡಿಕೊಳ್ಳಬೇಕು. 90 ದಿನಗಳ ಕಾಲ ಯಾವ ಬಳಕೆಯೂ ಇಲ್ಲದೆ, ಅದರಲ್ಲಿನ ಹಣವೂ 20 ರೂಪಾಯಿಗಿಂತ ಕಡಿಮೆಯಾದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಲ್ಲಿಸಬಹುದು. ಕೆಲಕಾಲದ ನಂತರ ಅದು ಬೇರೊಬ್ಬರ ಪಾಲಾಗುತ್ತದೆ. ಉದ್ಯೋಗಕ್ಕೆಂದು ಅಮೆರಿಕಕ್ಕೋ ದುಬೈಗೋ ಹೋಗಿ ಊರಿನ ಸಂಖ್ಯೆಯನ್ನು ಮರೆತ ಮಕ್ಕಳಿಗೆ ಈ ಮಾತನ್ನು ತಿಳಿಸಬೇಕು. ಅವರ ಖಾತೆಗೆ ಇಂದಿಗೂ ಆ ಸಂಖ್ಯೆಯೇ ಕಾವಲಾಗಿರಬಹುದು. ಸಂಖ್ಯೆ ಬದಲಿಸುವವರು ಹಳೆಯದನ್ನು ಬಿಡುವ ಮುನ್ನವೇ ಖಾತೆಯಲ್ಲಿ ಹೊಸದನ್ನು ದಾಖಲಿಸಬೇಕು. ಪುನಃಪ್ರಾಪ್ತಿಯ ಸಂಖ್ಯೆಯನ್ನು ಬದಲಿಸಿದ ಮೇಲೂ 7 ದಿನಗಳವರೆಗೆ ಗೂಗಲ್ ಹಳೆಯ ಸಂಖ್ಯೆಗೆ ಕೋಡು ಕಳುಹಿಸುವ ಮಾರ್ಗವನ್ನು ಉಳಿಸಿಕೊಂಡಿರಬಹುದು. ಆದ್ದರಿಂದ ಆ ಒಂದು ವಾರ ಎರಡೂ ಸಿಮ್‌ಗಳು ನಡೆಯುತ್ತಿರಲಿ.

ಎರಡನೆಯದು, ಇನ್ನೊಬ್ಬರನ್ನು ನೆರವಿಗೆ ಹೆಸರಿಸುವುದು. 2025ರ ಅಕ್ಟೋಬರಿನಲ್ಲಿ ಗೂಗಲ್ Recovery contacts ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಮಗಳನ್ನೋ ಮೈದುನನನ್ನೋ ಇದರಲ್ಲಿ ಸೇರಿಸಿದರೆ, ಖಾತೆ ಮುಚ್ಚಿದ ದಿನ ನಮ್ಮ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಅವರಿಗೆ ಹೇಳಬೇಕು. ಅವರು ತಮ್ಮ ಮೊಬೈಲಿನಲ್ಲಿ ಅದೇ ಸಂಖ್ಯೆಯನ್ನು ಆರಿಸಿ, ಇದು ನಮ್ಮವರೇ ಎಂದು ಸಾಕ್ಷಿ ಹೇಳುತ್ತಾರೆ. ಹೀಗೆ ಸಾಕ್ಷಿ ಹೇಳುವವರಿಗೆ ನಮ್ಮ ಪತ್ರಗಳಾಗಲಿ ಚಿತ್ರಗಳಾಗಲಿ ಕಾಣುವುದಿಲ್ಲ. ಬಳಗ, ಟ್ರಸ್ಟು, ಪತ್ತಿನ ಸಂಘಗಳ ಖಾತೆಗಳಿಗಂತೂ ಒಬ್ಬರ ಮೊಬೈಲೇ ಕಾವಲಾಗಿರುವುದು ಎಂದಿಗೂ ಸರಿಯಲ್ಲ. ಕಾರ್ಯದರ್ಶಿಯ ಕೈಯಲ್ಲಿ ಒಂದು ಹಾಳೆ, ಅಧ್ಯಕ್ಷರ ಕೈಯಲ್ಲಿ ಒಂದು ಹಾಳೆ ಇರಲಿ. ಪದಾಧಿಕಾರಿಗಳು ಬದಲಾದ ದಿನ, ಹಳೆಯ ಹಾಳೆಗಳು ರದ್ದಾಗುವಂತೆ ಹೊಸ ಕೋಡುಗಳನ್ನು ಪಡೆದು ನಡಾವಳಿ ಪುಸ್ತಕದಲ್ಲಿ ದಿನಾಂಕ ಸಹಿತ ದಾಖಲಿಸಲಿ. ನಡಾವಳಿಯಲ್ಲಿ ಕೋಡು ಬೇಡ. ಹಾಳೆಗಳು ಯಾರಲ್ಲಿವೆ ಎಂಬುದಷ್ಟೇ ಸಾಕು.

ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳನ್ನು ತೆಗೆದು, ಹೊಸದನ್ನು ಪೂಜಿಸುವ ಪದ್ಧತಿ ನಮ್ಮ ವ್ಯಾಪಾರದ ಮನೆಗಳಲ್ಲಿ ಇಂದಿಗೂ ಇದೆ. ಅಂದು ಕಪಾಟಿನ ಚೀಲವನ್ನೂ ಬಿಚ್ಚಿ ನೋಡಬೇಕು. ಹಾಳೆ ಇದೆಯೇ, ಅಂಕಿಗಳು ಓದಲು ಬರುತ್ತಿವೆಯೇ, ಎಷ್ಟು ಕೋಡುಗಳು ಉಳಿದಿವೆ, ಜೋಡಿಸಿದ ಸಂಖ್ಯೆ ಈಗಲೂ ನಮ್ಮದೇ ಆಗಿದೆಯೇ ಎಂಬ ನಾಲ್ಕು ವಿಷಯಗಳನ್ನು ನೋಡಲು ಕಾಲು ಗಂಟೆಯೂ ಬೇಡ. ಇನ್ನೂ ಹಾಳೆಯನ್ನೇ ಮಾಡಿಕೊಳ್ಳದವರು ದೀಪಾವಳಿಯವರೆಗೆ ಕಾಯುವುದು ಬೇಡ. ಖಾತೆ ತೆರೆದಿರುವ ಮೊಬೈಲು ಈಗ ಕೈಯಲ್ಲಿಯೇ ಇದೆ. ಕಾಗದ, ಪೆನ್ನು ಮನೆಯಲ್ಲಿವೆ.